ಮಾರ್ಚ್ 31ಕ್ಕೆ ನಿವೃತ್ತರಾದವರ ಗ್ರಾಚ್ಯುಟಿ: ಪ್ರಾವಿಷನ್ ಮಾಡುವುದರಿಂದ ಹಣ ಕೈಗೆ ಸೇರುವವರೆಗೆ

ಲೆಕ್ಕಪತ್ರ ವಿಭಾಗದಲ್ಲಿ ಕೂತವರಿಗೆ ಮಾರ್ಚ್ 31 ಅಂದರೆ ವರ್ಷದ ಪುಸ್ತಕ ಮುಚ್ಚುವ ದಿನ. ಅದೇ ದಿನ ಕಾರ್ಖಾನೆಯಲ್ಲಿ ಒಬ್ಬರೋ ಇಬ್ಬರೋ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತಾರೆ. ಈ ಎರಡೂ ಒಂದೇ ದಿನ ಬಿದ್ದಾಗ ಗ್ರಾಚ್ಯುಟಿ ಲೆಕ್ಕದಲ್ಲಿ ಒಂದು ಕಂದಕ ಉಂಟಾಗುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಹಾಗೆ ಆಯಿತು. ಮಾರ್ಚ್ 31ರ ಸಂಜೆ ನಿವೃತ್ತರಾದ ಹಿರಿಯರೊಬ್ಬರ ಹೆಸರನ್ನು ಸಿಬ್ಬಂದಿ ವಿಭಾಗದವರು ಹಾಲಿ ನೌಕರರ ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ಆಕ್ಚುಯರಿಗೆ ಹೋದದ್ದು ಆ ಪಟ್ಟಿ. ಹಾಗಾಗಿ ವರದಿಯಲ್ಲಿ ಅವರ ಹೊಣೆ ಇರಲಿಲ್ಲ. ಹಣವನ್ನು ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ಪಾವತಿಯ ಲೆಕ್ಕದಲ್ಲೂ ಇರಲಿಲ್ಲ. ಇಪ್ಪತ್ತೇಳು ವರ್ಷ ದುಡಿದ ಮನುಷ್ಯನಿಗೆ ಕಂಪನಿ ಕೊಡಬೇಕಾದ ಹಣ ಆ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿಯೂ ಇಲ್ಲ! ಸಹಿ ಬೀಳುವ ಎರಡು ದಿನ ಮುಂಚೆ ಆಡಿಟರ್ ಅದನ್ನು ಹಿಡಿದರು.

ಆ ಕಂದಕಕ್ಕೆ ಬೀಳದಂತೆ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಒಬ್ಬ ನೌಕರರನ್ನು ಮುಂದಿಟ್ಟುಕೊಂಡು ಇಲ್ಲಿ ಹೇಳುತ್ತೇನೆ. ಆಕ್ಚುಯರಿ ವರದಿಯನ್ನು ಪ್ರತಿ ವರ್ಷ ಕಡತಕ್ಕೆ ಸೇರಿಸುತ್ತಿದ್ದರೂ ಒಳಗಿನ ಅಂಕಿ ಹೇಗೆ ಬಂತು ಎಂದು ಗೊತ್ತಿಲ್ಲದ ಅಕೌಂಟೆಂಟ್‌ಗಳಿಗಾಗಿ ಬರೆದದ್ದು ಇದು. ನಾನೂ ಮೊದಲ ಐದಾರು ವರ್ಷ ಹಾಗೆಯೇ ಇದ್ದೆ.

ಮೊದಲು, ಕೊಡಬೇಕಾದ್ದು ಎಷ್ಟು

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಗ್ರಾಚ್ಯುಟಿ ಕಾನೂನು ಅನ್ವಯಿಸುತ್ತದೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಸೂತ್ರ ಮಾತ್ರ ಹಳೆಯದೇ:

```
ಗ್ರಾಚ್ಯುಟಿ = ಕೊನೆಯ ತಿಂಗಳ ವೇತನ × 15 ÷ 26 × ಸೇವೆಯ ವರ್ಷಗಳು
```

ತಿಂಗಳಿಗೆ 26 ಕೆಲಸದ ದಿನ ಎಂದು ಹಿಡಿದು, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಕೊಡುವುದು ಇದರ ಅರ್ಥ. 30ರಿಂದ ಭಾಗಿಸುವ ತಪ್ಪು ಈಗಲೂ ಅಲ್ಲಲ್ಲಿ ಕಾಣುತ್ತದೆ. ಹಾಗೆ ಮಾಡಿದರೆ ನೌಕರರಿಗೆ ಕಡಿಮೆ ಹಣ ಸಿಗುತ್ತದೆ. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಸೇವೆ ಇದ್ದರೆ ಅದನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು. 26 ವರ್ಷ 7 ತಿಂಗಳು ಎಂದರೆ 27. ಐದು ವರ್ಷದ ನಿರಂತರ ಸೇವೆ ಇರಬೇಕೆಂಬ ಷರತ್ತು ಸಾವು ಮತ್ತು ಅಂಗವೈಕಲ್ಯದ ಸಂದರ್ಭದಲ್ಲಿ ಅನ್ವಯಿಸುವುದಿಲ್ಲ. ನಿಗದಿತ ಅವಧಿಗೆ ನೇಮಕವಾದವರಿಗೆ ಹೊಸ ಸಂಹಿತೆಯಲ್ಲಿ ಈ ಷರತ್ತೇ ಇಲ್ಲ. ಗರಿಷ್ಠ ಮಿತಿ 20 ಲಕ್ಷ ರೂಪಾಯಿ. ಇದು 2018ರ ಮಾರ್ಚ್ 29ರಿಂದ ಜಾರಿಯಲ್ಲಿದೆ.

‘ವೇತನ’ ಎಂಬ ಪದದ ವ್ಯಾಖ್ಯೆ ಹೊಸ ಸಂಹಿತೆಯಲ್ಲಿ ಬದಲಾಗಿದೆ. ಹಿಂದೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿದರೆ ಮುಗಿಯುತ್ತಿತ್ತು. ಈಗ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾಗಿ ವೇತನದಿಂದ ಹೊರಗಿಡುವ ಬಾಬತ್ತುಗಳ ಒಟ್ಟು ಮೊತ್ತ ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೆ ಸೇರಿಸಬೇಕು. ತಿಂಗಳಿಗೆ 60,000 ಪಡೆಯುವವರಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 18,000, ಹೊರಗಿಡುವ ಭತ್ಯೆಗಳು 42,000 ಇವೆ ಎನ್ನಿ. ಅರ್ಧವೆಂದರೆ 30,000. ಮೀರಿದ 12,000 ಒಳಗೆ ಬಂದು ಗ್ರಾಚ್ಯುಟಿ ವೇತನ 30,000 ಆಗುತ್ತದೆ. ಮೂಲ ವೇತನವನ್ನು ಸಣ್ಣದಾಗಿಟ್ಟು ಭತ್ಯೆಗಳನ್ನು ಹಿಗ್ಗಿಸಿದ್ದ ಕಂಪನಿಗಳ ಹೊಣೆ ಇದರಿಂದ ಒಮ್ಮೆಗೇ ಏರಿದೆ. ವರದಿಯಲ್ಲಿ ಆ ಏರಿಕೆ ಹಿಂದಿನ ಸೇವೆಯ ವೆಚ್ಚ ಎಂಬ ಬೇರೆ ಸಾಲಿನಲ್ಲಿ ಬರಬೇಕು. ಸಂಬಳ ಏರಿಕೆಯ ವ್ಯತ್ಯಾಸದೊಂದಿಗೆ ಅದನ್ನು ಬೆರೆಸಬಾರದು.

ನಮ್ಮ ನೌಕರ

ಇವರು ಲೇತ್ ಯಂತ್ರದ ಆಪರೇಟರ್. 1999ರ ಏಪ್ರಿಲ್ 1ರಂದು ಸೇರಿದವರು. 58 ತುಂಬುವ 2026ರ ಮಾರ್ಚ್ 31ಕ್ಕೆ ನಿವೃತ್ತಿ. ಅಲ್ಲಿಗೆ ಸರಿಯಾಗಿ 27 ವರ್ಷದ ಸೇವೆ. ಲೆಕ್ಕವನ್ನು ಮೂರು ವರ್ಷ ಹಿಂದಿನಿಂದ, ಅಂದರೆ 2023ರ ಮಾರ್ಚ್ 31ರಿಂದ ಶುರುಮಾಡೋಣ. ಆಗ ಅವರ ವೇತನ 26,000, ಸೇವೆ 24 ವರ್ಷ.

ಅಂದೇ ಕೆಲಸ ಬಿಟ್ಟಿದ್ದರೆ ಅವರಿಗೆ ಎಷ್ಟು ಕೊಡಬೇಕಿತ್ತು? 26,000ಕ್ಕೆ 15 ದಿನದ ವೇತನ 15,000. 24 ವರ್ಷಕ್ಕೆ 3,60,000. ಹಲವರು ಇಷ್ಟನ್ನೇ ಪ್ರಾವಿಷನ್ ಮಾಡಿ ಬಿಡುತ್ತಾರೆ. ಐವತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಲೆಕ್ಕಪತ್ರ ಮಾನದಂಡ 15 ಈ ರೀತಿಯ ಸರಳ ವಿಧಾನಕ್ಕೆ ಅವಕಾಶ ಕೊಟ್ಟಿದೆ. ಉಳಿದವರು ಆಕ್ಚುಯರಿ ಅಂದಾಜಿನ ಮೇಲೆಯೇ ಹೋಗಬೇಕು. ಕಾರಣ ಸರಳ. ಅವರು ಇಂದು ಬಿಡುತ್ತಿಲ್ಲ. ಮೂರು ವರ್ಷದ ನಂತರ, ಇನ್ನೂ ಹೆಚ್ಚಿನ ಸಂಬಳದ ಮೇಲೆ ಹಣ ಪಡೆಯುತ್ತಾರೆ. ಆದರೆ ಆ ಹಣವನ್ನು ಕೊಡುವುದು ಮೂರು ವರ್ಷದ ನಂತರವಾದ್ದರಿಂದ ಇಂದಿನ ಬೆಲೆಯಲ್ಲಿ ಅದು ಕಡಿಮೆ.

ಆಕ್ಚುಯರಿ ಮಾಡುವ ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡುವುದು

ಈ ವಿಧಾನಕ್ಕೆ ಪ್ರೊಜೆಕ್ಟೆಡ್ ಯೂನಿಟ್ ಕ್ರೆಡಿಟ್ ಎಂದು ಹೆಸರು. ಒಳಗಿನ ಹೆಜ್ಜೆ ಮೂರೇ. ನಿವೃತ್ತಿಯ ದಿನದ ಸಂಬಳವನ್ನು ಅಂದಾಜು ಮಾಡಬೇಕು; ಆ ಸಂಬಳದ ಮೇಲೆ ಇಲ್ಲಿಯವರೆಗಿನ ಸೇವೆಗೆ ಸಲ್ಲುವ ಪಾಲನ್ನು ಮಾತ್ರ ತೆಗೆಯಬೇಕು; ಆ ಪಾಲನ್ನು ಇಂದಿನ ಬೆಲೆಗೆ ಇಳಿಸಬೇಕು.

ಸಂಬಳ ವರ್ಷಕ್ಕೆ ಶೇ. 6ರಂತೆ ಏರುತ್ತದೆ, ಡಿಸ್ಕೌಂಟ್ ದರ ಶೇ. 7 ಎಂದಿಟ್ಟುಕೊಳ್ಳೋಣ. ನಿವೃತ್ತಿಗೆ ಮುನ್ನ ಮೂರು ಏಪ್ರಿಲ್‌ಗಳಲ್ಲಿ ಮೂರು ಸಲ ಸಂಬಳ ಏರುತ್ತದೆ.

```
ನಿವೃತ್ತಿ ವೇತನದ ಅಂದಾಜು   26,000 × 1.06 × 1.06 × 1.06 = 30,966
ಒಂದು ವರ್ಷದ ಪಾಲು          30,966 × 15 ÷ 26          = 17,865
24 ವರ್ಷದ ಪಾಲು             17,865 × 24               = 4,28,766
ಇಂದಿನ ಬೆಲೆ                 4,28,766 ÷ (1.07 × 1.07 × 1.07) = 3,50,001
```

ಪೈಸೆಗಳನ್ನು ಬಿಟ್ಟು ತೋರಿಸಿರುವುದರಿಂದ ಕ್ಯಾಲ್ಕುಲೇಟರ್‌ನಲ್ಲಿ ಒಂದೆರಡು ರೂಪಾಯಿ ಆಚೀಚೆ ಬಂದೀತು. 2023ರ ಮಾರ್ಚ್ 31ಕ್ಕೆ ಇವರೊಬ್ಬರ ಹೊಣೆ 3,50,001. ‘ಇಂದೇ ಬಿಟ್ಟರೆ’ ಲೆಕ್ಕಕ್ಕಿಂತ ಇದು ಹತ್ತು ಸಾವಿರ ಕಡಿಮೆ. ಆಕ್ಚುಯರಿ ಅಂದಾಜು ಯಾವಾಗಲೂ ಹೆಚ್ಚೇ ಬರುತ್ತದೆ ಎಂಬ ನಂಬಿಕೆ ತಪ್ಪು ಎಂಬುದಕ್ಕೆ ಇದೇ ಉದಾಹರಣೆ. ಡಿಸ್ಕೌಂಟ್ ದರ ಸಂಬಳದ ಏರಿಕೆಗಿಂತ ಹೆಚ್ಚಿದ್ದರೆ ಅಂಕಿ ಕಡಿಮೆ ಬರುತ್ತದೆ, ಸಂಬಳದ ಏರಿಕೆಯೇ ಹೆಚ್ಚಿದ್ದರೆ ಅಂಕಿಯೂ ಹೆಚ್ಚು ಬರುತ್ತದೆ.

ನಿಜವಾದ ವರದಿಯಲ್ಲಿ ಇದರ ಜೊತೆಗೆ ಸಾವಿನ ಸಂಭವ ಮತ್ತು ಮಧ್ಯದಲ್ಲೇ ಕೆಲಸ ಬಿಡುವವರ ಪ್ರಮಾಣವೂ ಸೇರುತ್ತದೆ. 55 ದಾಟಿದವರ ವಿಷಯದಲ್ಲಿ ಇವು ತರುವ ವ್ಯತ್ಯಾಸ ಚಿಕ್ಕದು, ಅದಕ್ಕೇ ಇಲ್ಲಿ ಬಿಟ್ಟಿದ್ದೇನೆ. ಎರಡು ವರ್ಷದ ಹಿಂದೆ ಸೇರಿದ ಹುಡುಗನ ವಿಷಯದಲ್ಲಿ ಹಾಗಲ್ಲ. ಅವನು ಐದು ವರ್ಷ ತುಂಬುವ ಮೊದಲೇ ಬಿಟ್ಟು ಹೋಗಬಹುದಾದ ಸಂಭವ ಅವನ ಹೊಣೆಯನ್ನು ಗಣನೀಯವಾಗಿ ತಗ್ಗಿಸುತ್ತದೆ. ಆದರೂ ಅವನ ಹೆಸರು ಪಟ್ಟಿಯಲ್ಲಿ ಇರಲೇಬೇಕು. ಐದು ವರ್ಷ ತುಂಬದವರನ್ನು ಬಿಟ್ಟು ಪಟ್ಟಿ ಕಳಿಸುವುದು ನಾನು ಅತಿ ಹೆಚ್ಚು ಸಲ ಕಂಡ ತಪ್ಪು.

ಹಿರಿಯ ನೌಕರರೊಬ್ಬರ ಲೆಕ್ಕವನ್ನು ಹೀಗೆ ಕೈಯಲ್ಲಿ ಹಾಕಿ ವರದಿಯ ಅನುಬಂಧದಲ್ಲಿರುವ ನೌಕರವಾರು ಅಂಕಿಯೊಂದಿಗೆ ಹೋಲಿಸುವುದು ನನ್ನ ರೂಢಿ. ಅಂಕಿ ಹತ್ತಿರ ಬಂದರೆ ಸರಿ. ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ತಪ್ಪು ಕಳಿಸಿದ ಮಾಹಿತಿಯಲ್ಲೇ ಇರುತ್ತದೆ.

ಕಳಿಸುವ ಪಟ್ಟಿ

ಆಕ್ಚುಯರಿ ಕೇಳುವ ಮಾಹಿತಿ ಹೆಚ್ಚೇನಿಲ್ಲ: ನೌಕರರ ಸಂಖ್ಯೆ, ಹುಟ್ಟಿದ ದಿನ, ಸೇರಿದ ದಿನ, ಲಿಂಗ, ಗ್ರಾಚ್ಯುಟಿಗೆ ಲೆಕ್ಕವಾಗುವ ತಿಂಗಳ ವೇತನ. ಜೊತೆಗೆ ವರ್ಷದಲ್ಲಿ ಬಿಟ್ಟವರ ಪಟ್ಟಿ, ಅವರಿಗೆ ಕೊಟ್ಟ ಗ್ರಾಚ್ಯುಟಿ.

ಹಾಳೆ ಕಳಿಸುವ ಮುನ್ನ ಎರಡು ತಾಳೆ ನೋಡಿ. ಕಳೆದ ವರ್ಷದ ತಲೆ ಎಣಿಕೆಗೆ ಹೊಸಬರನ್ನು ಸೇರಿಸಿ, ಬಿಟ್ಟವರನ್ನು ಕಳೆದರೆ ಈ ವರ್ಷದ ಎಣಿಕೆ ಬರಬೇಕು. ಹಾಳೆಯ ವೇತನದ ಒಟ್ಟು ಮೊತ್ತ ಮಾರ್ಚ್ ತಿಂಗಳ ಸಂಬಳದ ರಿಜಿಸ್ಟರಿಗೆ ಹೊಂದಬೇಕು. ಈ ಎರಡನೆಯ ತಾಳೆಯಲ್ಲಿಯೇ ವಾರ್ಷಿಕ ಸಂಬಳವನ್ನು ತಿಂಗಳ ಕಾಲಮ್ಮಿನಲ್ಲಿ ತುಂಬಿದ್ದು, ಒಟ್ಟು ಸಂಬಳವನ್ನೇ ವೇತನವೆಂದು ಕೊಟ್ಟದ್ದು ಸಿಕ್ಕಿಬೀಳುತ್ತದೆ. ಸೇರಿದ ದಿನದ ಕಾಲಮ್ಮನ್ನು ಮಾತ್ರ ಕಣ್ಣಿನಲ್ಲೇ ಓದಬೇಕು. ಒಂದು ಘಟಕದಿಂದ ಇನ್ನೊಂದಕ್ಕೆ ವರ್ಗವಾದವರಿಗೆ ವರ್ಗವಾದ ದಿನವೇ ಸೇರಿದ ದಿನವಾಗಿ ಕೂತುಬಿಟ್ಟಿರುತ್ತದೆ. ನಮ್ಮ ಆಪರೇಟರ್‌ಗೆ ಹಾಗಾಗಿ 24 ವರ್ಷ ಇದ್ದದ್ದು 9 ಎಂದು ಬಂದರೆ ಹೊಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಮಾಯವಾಗುತ್ತದೆ. ಯಾವ ತಂತ್ರಾಂಶವೂ ಅದನ್ನು ತಪ್ಪೆಂದು ತೋರಿಸುವುದಿಲ್ಲ.

ಊಹೆಗಳ ವಿಷಯ. ಸಂಬಳ ಏರಿಕೆ, ಕೆಲಸ ಬಿಡುವವರ ಪ್ರಮಾಣ, ನಿವೃತ್ತಿ ವಯಸ್ಸು ಇವನ್ನು ನಿರ್ಧರಿಸುವುದು ಕಂಪನಿಯ ಆಡಳಿತ. ಡಿಸ್ಕೌಂಟ್ ದರವನ್ನು ಬ್ಯಾಲೆನ್ಸ್ ಶೀಟ್ ದಿನದ ಸರ್ಕಾರಿ ಬಾಂಡ್‌ಗಳ ಆದಾಯದಿಂದ, ಹೊಣೆಯ ಸರಾಸರಿ ಅವಧಿಗೆ ಹೊಂದುವಂತೆ ತೆಗೆದುಕೊಳ್ಳಬೇಕು. ಮೂರು ವರ್ಷದಿಂದ ಶೇ. 10 ಏರಿಕೆ ಕೊಡುತ್ತಿದ್ದು ವರದಿಗೆ ಶೇ. 5 ಎಂದು ಬರೆದುಕೊಟ್ಟರೆ ಪ್ರತಿ ವರ್ಷ ‘ನಷ್ಟ’ದ ಸಾಲು ತುಂಬುತ್ತಾ ಹೋಗುತ್ತದೆ. ಆ ಸಾಲು ಸತತವಾಗಿ ಒಂದೇ ದಿಕ್ಕಿಗೆ ವಾಲಿದ್ದರೆ ಊಹೆಯನ್ನೇ ತಿದ್ದಬೇಕು.

ಒಂದು ವರ್ಷ ಕಳೆದಾಗ

2024ರ ಮಾರ್ಚ್ 31ಕ್ಕೆ ಬರೋಣ. ಅಂದಾಜಿನಂತೆಯೇ ಎಲ್ಲ ನಡೆದಿದ್ದರೆ ಎರಡು ಬಾಬತ್ತು ಸೇರುತ್ತಿತ್ತು. ನಿವೃತ್ತಿ ಒಂದು ವರ್ಷ ಹತ್ತಿರವಾದ್ದರಿಂದ 3,50,001ರ ಮೇಲೆ ಶೇ. 7 ಬಡ್ಡಿ ವೆಚ್ಚ, 24,500. ಇನ್ನೊಂದು ವರ್ಷ ದುಡಿದದ್ದಕ್ಕೆ ಆ ವರ್ಷದ ಪಾಲು 17,865. ಅದನ್ನು ಎರಡು ವರ್ಷದ ಡಿಸ್ಕೌಂಟ್‌ಗೆ ಇಳಿಸಿದರೆ 15,604. ಇದಕ್ಕೆ ಪ್ರಸಕ್ತ ಸೇವಾ ವೆಚ್ಚ ಎನ್ನುತ್ತಾರೆ. ಹೊಣೆ 3,90,105 ಆಗಬೇಕಿತ್ತು.

ಆದರೆ 2023ರ ಏಪ್ರಿಲ್‌ನಲ್ಲಿ ಕಾರ್ಮಿಕ ಸಂಘದ ಒಪ್ಪಂದವಾಗಿ ಸಂಬಳ ಶೇ. 10 ಏರಿತು. ವೇತನ 28,600. ಮುಂದಿನ ಎರಡು ಏರಿಕೆ ಶೇ. 6 ಎಂದೇ ಹಿಡಿದರೆ ನಿವೃತ್ತಿ ವೇತನ 32,135, ಒಂದು ವರ್ಷದ ಪಾಲು 18,539. ಇದನ್ನು 25 ವರ್ಷಕ್ಕೆ ಗುಣಿಸಿ ಎರಡು ವರ್ಷ ಹಿಂದಕ್ಕೆ ಇಳಿಸಿದರೆ 4,04,826. ಆಗಬೇಕಿದ್ದ 3,90,105ಕ್ಕೂ ಇದಕ್ಕೂ ಇರುವ 14,721 ರೂಪಾಯಿ ವ್ಯತ್ಯಾಸವೇ ಆಕ್ಚುಯರಿ ನಷ್ಟ. ‘ನಷ್ಟ’ ಎಂಬ ಪದ ಕೇಳಿ ಗಾಬರಿಯಾಗುವ ನಿರ್ದೇಶಕರಿಗೆ ನಾನು ಹೇಳುವುದು ಇಷ್ಟೆ: ನಾವು ಊಹಿಸಿದ್ದಕ್ಕಿಂತ ಹೆಚ್ಚು ಸಂಬಳ ಕೊಟ್ಟೆವು, ಹಳೆಯ 24 ವರ್ಷಗಳ ಸೇವೆಯ ಬೆಲೆಯೂ ಅದರೊಂದಿಗೆ ಏರಿತು.

```
ಗ್ರಾಚ್ಯುಟಿ ವೆಚ್ಚ ಖಾತೆ    ಖರ್ಚು   54,825
   ಗ್ರಾಚ್ಯುಟಿ ಪ್ರಾವಿಷನ್ ಖಾತೆಗೆ ಜಮಾ   54,825
(ಬಡ್ಡಿ 24,500 + ಸೇವೆ 15,604 + ಆಕ್ಚುಯರಿ ನಷ್ಟ 14,721)
```

ಲೆಕ್ಕಪತ್ರ ಮಾನದಂಡ 15 ಪಾಲಿಸುವ ಕಂಪನಿಯಲ್ಲಿ ಮೂರೂ ಲಾಭ-ನಷ್ಟ ಖಾತೆಗೆ ಹೋಗುತ್ತವೆ. ಇಂಡ್ ಎಎಸ್ 19 ಪಾಲಿಸುವ ಕಂಪನಿಯಲ್ಲಿ ಕೊನೆಯದು ಮಾತ್ರ ಇತರೆ ಸಮಗ್ರ ಆದಾಯಕ್ಕೆ ಹೋಗುತ್ತದೆ, ಲಾಭವನ್ನು ಮುಟ್ಟುವುದಿಲ್ಲ.

ಉಳಿದ ಎರಡು ವರ್ಷ ಊಹೆಯಂತೆಯೇ ನಡೆಯಿತು. 2025ರ ಮಾರ್ಚ್‌ಗೆ ಹೊಣೆ 4,50,490. ನಿವೃತ್ತಿ ಹನ್ನೆರಡು ತಿಂಗಳ ಒಳಗೇ ಇರುವುದರಿಂದ ಇದು ಪೂರ್ತಿ ಅಲ್ಪಾವಧಿ ಪ್ರಾವಿಷನ್ ಕಡೆಗೆ ಸೇರಬೇಕು. ಕೊನೆಯ ವರ್ಷದ ಬಡ್ಡಿ 31,534, ಸೇವಾ ವೆಚ್ಚ 18,539 ಸೇರಿ 2026ರ ಮಾರ್ಚ್ 31ಕ್ಕೆ ಹೊಣೆ 5,00,564 ತಲುಪುತ್ತದೆ. ಸೂತ್ರದ ಪ್ರಕಾರ ಕೊಡಬೇಕಾದ್ದೂ ಅಷ್ಟೇ: 32,135 × 15 ÷ 26 × 27. ಅಂದಾಜು ಕೊನೆಯ ದಿನ ನಿಜವಾದ ಮೊತ್ತದೊಂದಿಗೆ ಹೀಗೆ ಬಂದು ಸೇರಬೇಕು. ಇವರ ತಿಂಗಳ ಒಟ್ಟು ಸಂಭಾವನೆ 52,000, ಹೊರಗಿಡುವ ಭತ್ಯೆಗಳು 19,865. ಅರ್ಧವಾದ 26,000 ಮೀರದ ಕಾರಣ ಹೊಸ ಸಂಹಿತೆಯ ಲೆಕ್ಕದಲ್ಲೂ ವೇತನ 32,135 ಆಗಿಯೇ ಉಳಿಯಿತು.

ಮಾರ್ಚ್ 31ರ ಕಂದಕ

ಈಗ ಮೊದಲು ಹೇಳಿದ ಜಾಗಕ್ಕೆ ಬಂದೆವು. ಸಂಜೆ ಇವರು ನಿವೃತ್ತರಾದರು. ಹಣ ಕೊಡುವುದು ಏಪ್ರಿಲ್‌ನಲ್ಲಿ. ಅಂದಿನ ಪುಸ್ತಕದಲ್ಲಿ ಈ ಹೊಣೆಯನ್ನು ಅಂದಾಜಿನ ಖಾತೆಯಿಂದ ಎತ್ತಿ, ಖಚಿತವಾಗಿ ಕೊಡಬೇಕಾದ ಬಾಕಿಯಾಗಿ ಇಡಬೇಕು:

```
31-3-2026
ಗ್ರಾಚ್ಯುಟಿ ಪ್ರಾವಿಷನ್ ಖಾತೆ    ಖರ್ಚು   5,00,564
   ಪಾವತಿಸಬೇಕಾದ ಗ್ರಾಚ್ಯುಟಿ ಖಾತೆಗೆ ಜಮಾ   5,00,564
```

ಇದನ್ನು ಆಕ್ಚುಯರಿಗೂ ತಿಳಿಸಬೇಕು. ಬಿಟ್ಟವರ ಪಟ್ಟಿಯಲ್ಲಿ ಇವರ ಹೆಸರು ಬರೆದು, ಮೊತ್ತ ಬರೆದು, ‘31-3-2026ರಂದು ಬಾಕಿ ಖಾತೆಗೆ ವರ್ಗಾಯಿಸಿದೆ’ ಎಂದು ಷರಾ ಹಾಕಿ. ಆಗ ಕಂಪನಿಯ ಒಟ್ಟು ವರದಿಯಲ್ಲಿ ಹೊಣೆಯ ಚಲನೆ ಹೀಗೆ ಬರುತ್ತದೆ:

```
ವರ್ಷದ ಆರಂಭದ ಹೊಣೆ          62,40,000
ಬಡ್ಡಿ ವೆಚ್ಚ                     4,36,800
ಪ್ರಸಕ್ತ ಸೇವಾ ವೆಚ್ಚ              5,85,000
ಆಕ್ಚುಯರಿ ನಷ್ಟ                     38,764
ಪಾವತಿ / ವರ್ಗಾವಣೆ             − 5,00,564
ವರ್ಷದ ಕೊನೆಯ ಹೊಣೆ          68,00,000
```

ಬಿಟ್ಟವರ ಪಟ್ಟಿ ಕಳಿಸುವುದನ್ನು ಮರೆತರೆ ಏನಾಗುತ್ತದೆ ನೋಡಿ. ಹಾಲಿ ನೌಕರರ ಹೊಣೆ 68,00,000 ಎಂಬುದು ಬದಲಾಗುವುದಿಲ್ಲ. ಪಾವತಿಯ ಸಾಲು ಸೊನ್ನೆ. ಲೆಕ್ಕ ಕೂಡಿಬರಲೇಬೇಕಾದ್ದರಿಂದ ಆ 5,00,564 ರೂಪಾಯಿ ಆಕ್ಚುಯರಿ ಸಾಲಿನೊಳಗೆ ನುಗ್ಗಿ, 38,764 ನಷ್ಟ ಇದ್ದದ್ದು 4,61,800 ಲಾಭವಾಗಿ ಕಾಣುತ್ತದೆ. ಅದನ್ನು ಹಾಗೆಯೇ ಪುಸ್ತಕಕ್ಕೆ ಹಾಕಿದರೆ ವರ್ಷದ ಗ್ರಾಚ್ಯುಟಿ ವೆಚ್ಚ 10,60,564ರ ಬದಲು 5,60,000 ಆಗುತ್ತದೆ. ಕಂಪನಿಯ ಲಾಭ ಐದು ಲಕ್ಷ ಹೆಚ್ಚು, ನಿವೃತ್ತರಿಗೆ ಕೊಡಬೇಕಾದ ಬಾಕಿ ಸೊನ್ನೆ. ಏಪ್ರಿಲ್‌ನಲ್ಲಿ ಹಣ ಕೊಟ್ಟಾಗ ಅದು ಮುಂದಿನ ವರ್ಷದ ಖರ್ಚಾಗಿ ಬೀಳುತ್ತದೆ. ನಮ್ಮ ಹಳೆಯ ಕಂಪನಿಯಲ್ಲಿ ಆದದ್ದು ಇದೇ.

ಇದರ ಇನ್ನೊಂದು ಮುಖವೂ ಇದೆ. ಲೆಕ್ಕಪತ್ರದವರು ಮೇಲಿನ ಎಂಟ್ರಿಯನ್ನು ಸರಿಯಾಗಿ ಹಾಕಿದ್ದಾರೆ, ಆದರೆ ಆಕ್ಚುಯರಿಗೆ ಹೇಳಿಲ್ಲ ಎನ್ನಿ. ಆಗ ವರದಿಯ ಲಾಭವನ್ನೂ ಹಾಕಿದ ಮೇಲೆ ಪ್ರಾವಿಷನ್ ಖಾತೆ 68,00,000ದ ಬದಲು 62,99,436 ತೋರಿಸುತ್ತದೆ. ವ್ಯತ್ಯಾಸ ಸರಿಯಾಗಿ ಒಬ್ಬರ ಗ್ರಾಚ್ಯುಟಿಯಷ್ಟು. ಪ್ರಾವಿಷನ್ ಖಾತೆಗೂ ವರದಿಗೂ ತಾಳೆ ಬೀಳದಿದ್ದಾಗ ನಾನು ಮೊದಲು ಮಾಡುವುದು, ಆ ವ್ಯತ್ಯಾಸದ ಅಂಕಿಯನ್ನು ವರ್ಷದಲ್ಲಿ ಬಿಟ್ಟವರ ಗ್ರಾಚ್ಯುಟಿ ಹಾಳೆಗಳ ಪಕ್ಕದಲ್ಲಿ ಇಟ್ಟು ನೋಡುವುದು. ಬಹಳ ಸಲ ಅಲ್ಲಿಯೇ ಒಂದು ಹಾಳೆಯ ಮೊತ್ತ ಅದಕ್ಕೆ ಹೊಂದುತ್ತದೆ. ವ್ಯತ್ಯಾಸವನ್ನು ವೆಚ್ಚದ ಖಾತೆಗೆ ತಳ್ಳಿ ತಾಳೆ ಮಾಡಿ ಮುಗಿಸುವ ಅಭ್ಯಾಸ ಕೆಟ್ಟದ್ದು. ಅದರೊಳಗೆ ಯಾರದ್ದೋ ಬಾಕಿ ಹೂತುಹೋಗಿರುತ್ತದೆ.

ಹೊಣೆಗೆ ಪ್ರತಿಯಾಗಿ ವಿಮಾ ಕಂಪನಿಯ ಗುಂಪು ಗ್ರಾಚ್ಯುಟಿ ನಿಧಿಯಲ್ಲಿ ಹಣ ಇಟ್ಟಿದ್ದರೆ ಬ್ಯಾಲೆನ್ಸ್ ಶೀಟಿನಲ್ಲಿ ಬರುವುದು ಹೊಣೆಯಲ್ಲಿ ನಿಧಿಯ ಬೆಲೆ ಕಳೆದು ಉಳಿದದ್ದು. ನಿಧಿಯಿಂದಲೇ ಪಾವತಿಯಾದಾಗ ಹೊಣೆ ಮತ್ತು ನಿಧಿ ಎರಡೂ ಅಷ್ಟೇ ಇಳಿಯುತ್ತವೆ. ಆದರೆ ನಿಧಿಯಿಂದ ಹಣ ಬರುವುದು ತಡವಾಯಿತೆಂದು ನೌಕರರನ್ನು ಕಾಯಿಸುವಂತಿಲ್ಲ. ಕೊಡುವ ಹೊಣೆ ಮಾಲೀಕರದೇ.

ಹಣ ಕೊಡುವುದು

ನೌಕರರು ಅರ್ಜಿ ಕೊಡಲಿ ಬಿಡಲಿ, ಮೊತ್ತವನ್ನು ಲೆಕ್ಕ ಹಾಕಿ ಲಿಖಿತವಾಗಿ ತಿಳಿಸುವುದು ಮಾಲೀಕರ ಕರ್ತವ್ಯ. ಹಳೆಯ ನಿಯಮಗಳಲ್ಲಿ ನೌಕರರ ಅರ್ಜಿಗೆ ಫಾರ್ಮ್ ಐ, ಮಾಲೀಕರ ತಿಳಿವಳಿಕೆ ಪತ್ರಕ್ಕೆ ಫಾರ್ಮ್ ಎಲ್ ಎಂದು ಇತ್ತು. ‘ಅವರು ಅರ್ಜಿಯೇ ಕೊಟ್ಟಿಲ್ಲ’ ಎಂಬ ಕಾರಣ ನಿಲ್ಲುವುದಿಲ್ಲ.

ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಹಣ ಕೊಡಬೇಕು. ನಮ್ಮ ಉದಾಹರಣೆಯಲ್ಲಿ ಅದು 2026ರ ಏಪ್ರಿಲ್ 30. ಮೀರಿದರೆ ಸರಳ ಬಡ್ಡಿ ಸೇರುತ್ತದೆ. ಹಳೆಯ ಕಾಯ್ದೆಯಡಿ ಅಧಿಸೂಚಿತವಾಗಿದ್ದ ದರ ವರ್ಷಕ್ಕೆ ಶೇ. 10. ಆ ಬಡ್ಡಿಯನ್ನು 31ನೆಯ ದಿನದಿಂದ ಎಣಿಸಬಾರದು, ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದಲೇ ಎಣಿಸಬೇಕು. ಆ ದರದಲ್ಲಿ ಆರು ತಿಂಗಳು ತಡವಾದರೆ 25,028 ರೂಪಾಯಿ. ಇದು ಪ್ರಾವಿಷನ್ ಖಾತೆಗೆ ಸೇರುವ ಬಾಬತ್ತೂ ಅಲ್ಲ. ತಡಮಾಡಿದ ವರ್ಷದ ಬಡ್ಡಿ ವೆಚ್ಚವಾಗಿ ಬೇರೆಯೇ ಬರೆಯಬೇಕು.

```
ಪಾವತಿಯ ದಿನ
ಪಾವತಿಸಬೇಕಾದ ಗ್ರಾಚ್ಯುಟಿ ಖಾತೆ    ಖರ್ಚು   5,00,564
   ಬ್ಯಾಂಕ್ ಖಾತೆಗೆ ಜಮಾ   5,00,564
```

ಇಲ್ಲಿ ವೆಚ್ಚದ ಖಾತೆಯ ಹೆಸರೇ ಬರುವುದಿಲ್ಲ ಎಂಬುದನ್ನು ಗಮನಿಸಿ. ಇಪ್ಪತ್ತೇಳು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಆ ವೆಚ್ಚ ಆಗಲೇ ಬಿದ್ದಾಗಿದೆ. ಪಾವತಿಯ ದಿನ ಮತ್ತೆ ವೆಚ್ಚಕ್ಕೆ ಹಾಕಿದರೆ ಒಂದೇ ಹಣ ಎರಡು ಸಲ ಖರ್ಚಾಗುತ್ತದೆ.

ತೆರಿಗೆಯಲ್ಲಿ ಮಾತ್ರ ಇದರ ತಿರುವುಮುರುವು. 2025-26ರವರೆಗಿನ ವರ್ಷಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 40ಎ(7) ಸೆಕ್ಷನ್ ಪ್ರಕಾರ ಬರೀ ಪ್ರಾವಿಷನ್‌ಗೆ ಕಡಿತ ಸಿಗುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಅದನ್ನು ಆದಾಯಕ್ಕೆ ಮರಳಿ ಸೇರಿಸಬೇಕು. ಗ್ರಾಚ್ಯುಟಿ ಸಲ್ಲಬೇಕಾದ ವರ್ಷದಲ್ಲಿ ಪೂರ್ತಿ ಮೊತ್ತಕ್ಕೆ ಕಡಿತ ಪಡೆಯಬೇಕು. ಇವರ ವಿಷಯದಲ್ಲಿ ಅದು 2025-26. ಚೆಕ್ ಏಪ್ರಿಲ್‌ನದ್ದೆಂದು ಮುಂದಿನ ವರ್ಷಕ್ಕೆ ದೂಡಬಾರದು. ಲಾಭ-ನಷ್ಟ ಖಾತೆಯಲ್ಲಿ ಆ ವರ್ಷ ಇಷ್ಟು ದೊಡ್ಡ ಖರ್ಚು ಕಾಣದ ಕಾರಣ ತೆರಿಗೆ ಲೆಕ್ಕದಲ್ಲಿ ಈ ಕಡಿತವನ್ನು ಮರೆಯುವುದು ಬಹಳ ಸುಲಭ. ನೌಕರರ ಕಡೆ, ಸೂತ್ರದ ಮೊತ್ತದ ಒಳಗೆ, 20 ಲಕ್ಷದವರೆಗೆ ತೆರಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೂ ಈ ವಿನಾಯಿತಿ ಇದೆ. ಈ 20 ಲಕ್ಷ ಜೀವಮಾನದ ಒಟ್ಟು ಮಿತಿ. ಹಿಂದಿನ ಕಂಪನಿಯಿಂದ ಗ್ರಾಚ್ಯುಟಿ ಪಡೆದಿದ್ದರೆ ಅದನ್ನು ಕೇಳಿ ತಿಳಿದುಕೊಂಡು ಲೆಕ್ಕ ಹಾಕಿ. ನಮ್ಮ ಆಪರೇಟರ್‌ಗೆ 5,00,564 ಪೂರ್ತಿ ಕೈಗೆ ಬರುತ್ತದೆ.

ಹಣದ ಜೊತೆಗೆ ಲೆಕ್ಕದ ಹಾಳೆಯೊಂದನ್ನು ಕನ್ನಡದಲ್ಲಿ ಕೊಡಿ: ಸೇರಿದ ದಿನ, ಬಿಟ್ಟ ದಿನ, ಕೊನೆಯ ವೇತನ, ಗುಣಾಕಾರ. ನನ್ನ ಮುಂದೆ ಆ ಹಾಳೆ ಹಿಡಿದು ಕೂತ ಒಬ್ಬರು, ‘ಸಾರ್, ನಾನು ಸೇರಿದ್ದು ಏಪ್ರಿಲ್‌ನಲ್ಲಲ್ಲ, ಹಿಂದಿನ ಆಗಸ್ಟ್‌ನಲ್ಲಿ. ಮೊದಲು ಎಂಟು ತಿಂಗಳು ಬದಲಿ ಕೆಲಸ ಮಾಡಿದ್ದೆ’ ಎಂದರು. ಹಳೆಯ ಹಾಜರಿ ಪುಸ್ತಕ ತೆಗೆಸಿದೆವು. ಅವರು ಹೇಳಿದ್ದೇ ಸರಿ. ಎಂಟು ತಿಂಗಳು ಸೇರಿ ಒಂದು ವರ್ಷ ಹೆಚ್ಚಾಯಿತು. ಮೊತ್ತವನ್ನು ಮಾತ್ರ ಬ್ಯಾಂಕಿಗೆ ಹಾಕಿ ಸುಮ್ಮನಾಗಿದ್ದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ, ನಮಗೂ ಗೊತ್ತಾಗುತ್ತಿರಲಿಲ್ಲ. ಹೀಗೆ ನಿವೃತ್ತಿಯ ನಂತರ ಹೆಚ್ಚುವರಿ ಮೊತ್ತ ಸಿಕ್ಕಿದರೆ, ಪುಸ್ತಕ ಇನ್ನೂ ಮುಚ್ಚಿಲ್ಲದಿದ್ದಲ್ಲಿ ಅದನ್ನು ಮಾರ್ಚ್ 31ರ ಬಾಕಿಗೇ ಸೇರಿಸಬೇಕು.

ಏಪ್ರಿಲ್ ಕೊನೆಗೆ ‘ಪಾವತಿಸಬೇಕಾದ ಗ್ರಾಚ್ಯುಟಿ’ ಖಾತೆಯನ್ನು ತೆರೆದು ನೋಡಿ. ಶಿಲ್ಕು ಸೊನ್ನೆ ಆಗಿರಬೇಕು. ಮುಂದಿನ ಮಾರ್ಚ್‌ನಲ್ಲಿ ಆಕ್ಚುಯರಿಗೆ ‘ವರ್ಷದಲ್ಲಿ ಪಾವತಿಸಿದ ಗ್ರಾಚ್ಯುಟಿ’ ಎಂದು ಬ್ಯಾಂಕ್ ಪುಸ್ತಕದಿಂದ ಪಟ್ಟಿ ತೆಗೆಯುವಾಗ ಏಪ್ರಿಲ್‌ನ ಈ 5,00,564 ಕಣ್ಣಿಗೆ ಬೀಳುತ್ತದೆ. ಅದನ್ನು ಮತ್ತೆ ಕಳಿಸಬೇಡಿ. ಹೊಣೆಯಿಂದ ಅದು ಹಿಂದಿನ ವರ್ಷವೇ ಹೊರಗೆ ಹೋಗಿದೆ. ಮತ್ತೊಮ್ಮೆ ಕಳೆದರೆ ಈ ಸಲ ಅಷ್ಟೇ ಮೊತ್ತ ಆಕ್ಚುಯರಿ ನಷ್ಟವಾಗಿ ಎದ್ದು ಬರುತ್ತದೆ. ಆ ಪಾವತಿಯ ವೋಚರ್ ಮೇಲೆ ‘2025-26ರಲ್ಲಿ ವರ್ಗಾಯಿಸಿದ ಬಾಕಿ’ ಎಂದು ಕೆಂಪು ಶಾಯಿಯಲ್ಲಿ ಅಂದೇ ಬರೆದಿಡಿ.